ಆರು ಗಂಟೆಯ ಗಾಡಿಗೆ ಎರಡೂವರೆಯ ಗಡುವು: ಬಳ್ಳಾರಿಯ ಪ್ಯಾಕಿಂಗ್ ಕೋಣೆಯ ಲೆಕ್ಕ

ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಪ್ಯಾಕಿಂಗ್ ಮತ್ತು ಡಿಸ್ಪ್ಯಾಚ್ ವಿಭಾಗವನ್ನು ನಾನು ನೋಡಿಕೊಳ್ಳುತ್ತೇನೆ. ಹೊಲಿದು, ವಾಷಿಂಗ್ ಮುಗಿಸಿ ಬಂದ ಪ್ಯಾಂಟುಗಳು ಇಲ್ಲಿಂದ ಎರಡು ದಾರಿಯಲ್ಲಿ ಹೊರಡುತ್ತವೆ. ಆನ್‌ಲೈನ್‌ನಲ್ಲಿ ಒಂದೆರಡು ಪ್ಯಾಂಟು ಕೊಂಡವರ ಪಾರ್ಸಲ್‌ಗಳನ್ನು ಸಂಜೆ 6 ಗಂಟೆಗೆ ಹೊರಡುವ ಕೊರಿಯರ್ ಗಾಡಿ ಒಯ್ಯುತ್ತದೆ. ಅಂಗಡಿಗಳ ಸಗಟು ಮೂಟೆಗಳು ಲಾರಿ ಆಫೀಸಿಗೆ ಹೋಗುತ್ತವೆ, ಅಲ್ಲಿ ರಾತ್ರಿ 8:30ರವರೆಗೆ ಮಾಲು ತೆಗೆದುಕೊಳ್ಳುತ್ತಾರೆ. ‘ಇಂದೇ ರವಾನೆ’ ಎಂದು ಗ್ರಾಹಕರಿಗೆ ಮಾತು ಕೊಡಬೇಕಾದರೆ ಆರ್ಡರ್ ಎಷ್ಟು ಹೊತ್ತಿನೊಳಗೆ ಬಂದಿರಬೇಕು ಎಂಬುದನ್ನು ನಾವು ಹೇಗೆ ನಿಗದಿಪಡಿಸಿದೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಡುವನ್ನು ಗಾಡಿ ಹೊರಡುವ ಹೊತ್ತಿನಿಂದ ಹಿಂದಕ್ಕೆ ಎಣಿಸುತ್ತಾ ಬರಬೇಕು. ಕೊರಿಯರ್ ಹುಡುಗ 5:30ಕ್ಕೆ ಬಂದು ಒಂದೊಂದೇ ಪಾರ್ಸಲ್ ಸ್ಕ್ಯಾನ್ ಮಾಡಿ, ಚೀಲ ತುಂಬಿ, ಪಟ್ಟಿಗೆ ಸಹಿ ಹಾಕಿಸಿಕೊಳ್ಳುವಷ್ಟರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಆದ್ದರಿಂದ ನಮ್ಮ ಟೇಬಲ್‌ಗಳ ಕೆಲಸ 5:30ಕ್ಕೇ ಮುಗಿದಿರಬೇಕು. ರ್‍ಯಾಕಿನಿಂದ ಮಾಲು ತೆಗೆಯುವ ಪಟ್ಟಿಯನ್ನು ಅರ್ಧ ಗಂಟೆಗೊಮ್ಮೆ ಮುದ್ರಿಸುತ್ತೇವೆ, ಆ ಪಟ್ಟಿಯ ಮಾಲನ್ನು ಆಯ್ದು ತರಲು ಇಪ್ಪತ್ತು ನಿಮಿಷ ಬೇಕು. ಅಂದರೆ ಪಟ್ಟಿ ಮುದ್ರಣವಾದ ಮರುಕ್ಷಣ ಬಂದ ಆರ್ಡರ್ ಟೇಬಲ್ ಮುಟ್ಟುವುದಕ್ಕೆ ಐವತ್ತು ನಿಮಿಷ ಹಿಡಿಯುತ್ತದೆ. ಟೇಬಲ್ ಮೇಲೆ ಅಳತೆ, ಗುಂಡಿ, ಜಿಪ್, ವಾಷ್ ಶೇಡ್ ನೋಡಿ, ಮಡಚಿ, ಬಿಲ್ ಇಟ್ಟು, ಕವರ್‌ಗೆ ಹಾಕಿ ಲೇಬಲ್ ಅಂಟಿಸಲು ಮೂರು ನಿಮಿಷ ಬೇಕು. ನಮ್ಮಲ್ಲಿರುವುದು ಮೂರು ಟೇಬಲ್. ಗಂಟೆಗೆ ಅರವತ್ತು ಪಾರ್ಸಲ್ ಕಟ್ಟಬಹುದು.

ಆದರೆ ಈ ಸಮಯಗಳನ್ನು ಕೂಡಿದರಷ್ಟೇ ಗಡುವು ಸಿಗುವುದಿಲ್ಲ, ಏಕೆಂದರೆ ಕೊನೆಯ ಆರ್ಡರ್ ಎಂದೂ ಒಂಟಿಯಾಗಿ ಬರುವುದಿಲ್ಲ. ಅದರ ಮುಂದೆ ಸರತಿ ಇರುತ್ತದೆ. ಗಡುವಿನ ಹೊತ್ತನ್ನು ಪ್ರಕಟಿಸಿದ ಮೇಲಂತೂ ಜನ ಆ ಹೊತ್ತಿಗೆ ಸ್ವಲ್ಪ ಮುಂಚೆಯೇ ಮುಗಿಬಿದ್ದು ಆರ್ಡರ್ ಮಾಡುತ್ತಾರೆ. ಕೊನೆಯ ಪಟ್ಟಿಯ ಮಾಲು ಟೇಬಲ್‌ಗೆ ಬಂದಾಗ ಇನ್ನೂ ಕಟ್ಟಬೇಕಾದ ಪಾರ್ಸಲ್ ಎಷ್ಟಿವೆ ಎಂಬುದನ್ನು ನಾನು ದಿನವೂ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಮಾಮೂಲಿ ದಿನಗಳಲ್ಲಿ ಅದು 40ರ ಆಸುಪಾಸಿನಲ್ಲಿತ್ತು, ಹಬ್ಬದ ರಿಯಾಯಿತಿ ಮಾರಾಟದ ದಿನಗಳಲ್ಲಿ 90ಕ್ಕೆ ಏರುತ್ತಿತ್ತು. ಇನ್ನು ಕರೆಂಟ್ ಹೋಗುವುದು, ಲೇಬಲ್ ರೋಲ್ ಮುಗಿಯುವುದು, ಒಬ್ಬರು ರಜೆ ಹಾಕುವುದು ಇದ್ದದ್ದೇ. ಅದಕ್ಕಾಗಿ ಲೆಕ್ಕದ ಸಾಮರ್ಥ್ಯದಲ್ಲಿ ನೂರಕ್ಕೆ ಎಂಬತ್ತನ್ನು ಮಾತ್ರ ಹಿಡಿದೆ.

ಈಗ ಗಡುವು 4 ಗಂಟೆ ಎಂದುಕೊಳ್ಳೋಣ. ಕೊನೆಯ ಪಟ್ಟಿ ಟೇಬಲ್‌ಗೆ ಬರುವುದು 4:50ಕ್ಕೆ, ಉಳಿಯುವುದು ನಲವತ್ತು ನಿಮಿಷ, ನಂಬಬಹುದಾದದ್ದು 32 ಪಾರ್ಸಲ್. ಮಾಮೂಲಿ ದಿನಕ್ಕೂ ಇದು ಸಾಲದು. 3 ಗಂಟೆ ಎಂದರೆ ನೂರು ನಿಮಿಷ ಸಿಗುತ್ತದೆ, 80 ಪಾರ್ಸಲ್ ಆಗುತ್ತದೆ. ಮಾಮೂಲಿ ದಿನಕ್ಕೆ ಇದು ಧಾರಾಳ, ಹಬ್ಬದ ದಿನಕ್ಕೆ ಹತ್ತು ಕಡಿಮೆ. 2:30 ಎಂದರೆ ನೂರಾ ಮೂವತ್ತು ನಿಮಿಷ, 104 ಪಾರ್ಸಲ್. ಗಡುವು 2:30 ಎಂದು ತೀರ್ಮಾನವಾದದ್ದು ಹೀಗೆ. ಮಾಮೂಲಿ ದಿನ 3 ಗಂಟೆ, ಹಬ್ಬಕ್ಕೆ 2:30 ಎಂದು ಬದಲಾಯಿಸುತ್ತಾ ಹೋಗಬಹುದಲ್ಲ ಎಂದು ಮಾಲೀಕರು ಕೇಳಿದರು. ನಾನು ಒಪ್ಪಲಿಲ್ಲ. ಗ್ರಾಹಕರ ಮನಸ್ಸಿನಲ್ಲಿ ಉಳಿಯುವುದು ಒಂದೇ ಹೊತ್ತು. ಕೆಲಸ ಹೆಚ್ಚಾದಾಗ ಬದಲಾಗಬೇಕಾದದ್ದು ಟೇಬಲ್‌ಗೆ ನಿಲ್ಲುವವರ ಸಂಖ್ಯೆಯೇ ಹೊರತು ಕೊಟ್ಟ ಮಾತಲ್ಲ. ಭಾನುವಾರ ಕೊರಿಯರ್ ಇಲ್ಲದ ಕಾರಣ ಸೋಮವಾರ ಬೆಳಿಗ್ಗೆ ಶನಿವಾರ ಮಧ್ಯಾಹ್ನದಿಂದ ಬಂದ ಆರ್ಡರ್‌ಗಳೆಲ್ಲ ಕಾದಿರುತ್ತವೆ. ಆ ದಿನ ಫಿನಿಶಿಂಗ್ ವಿಭಾಗದಿಂದ ಇಬ್ಬರನ್ನು ಬೆಳಿಗ್ಗೆಯೇ ಕರೆಸಿಕೊಳ್ಳುತ್ತೇವೆ.

ಯಾವುದನ್ನು ಮೊದಲು ಕಟ್ಟಬೇಕು ಎಂಬುದು ಇದಕ್ಕಿಂತ ಬಿಸಿಯಾದ ವಿಷಯ. ಒಂದು ಉದಾಹರಣೆ ಹೇಳುತ್ತೇನೆ. ರಾಯಚೂರಿನ ಅಂಗಡಿಯವರೊಬ್ಬರು 120 ಪ್ಯಾಂಟಿನ ಆರ್ಡರ್ ಕೊಟ್ಟಿದ್ದರು. ಸೈಜ್ ಪ್ರಕಾರ ಸೆಟ್ ಮಾಡಿ ಕಟ್ಟಲು ಒಂದು ಟೇಬಲ್‌ಗೆ ಒಂದೂವರೆ ಗಂಟೆ ಬೇಕು. ದೊಡ್ಡ ಬಿಲ್ ಆದ್ದರಿಂದ ಅದನ್ನು ತಕ್ಷಣ ಶುರು ಮಾಡಬೇಕೆಂದು ಮಾಲೀಕರ ಒತ್ತಾಯ. ಆಗ 3:20, ಕೊರಿಯರ್‌ನ 90 ಪಾರ್ಸಲ್ ಬಾಕಿ. ಒಂದು ಟೇಬಲ್ ಬಿಟ್ಟುಕೊಟ್ಟರೆ ಒಂದೂವರೆ ಗಂಟೆಯಲ್ಲಿ ಮೂವತ್ತು ಪಾರ್ಸಲ್‌ನ ಕೆಲಸ ಹೋಗುತ್ತದೆ, ನಮ್ಮ ಎಂಬತ್ತರ ಲೆಕ್ಕದಲ್ಲಿ ಇಪ್ಪತ್ತನಾಲ್ಕು. 104 ಆಗಬೇಕಿದ್ದಲ್ಲಿ 80 ಆಗಿ, ಹತ್ತು ಮನೆಗಳಿಗೆ ಪಾರ್ಸಲ್ ಒಂದು ದಿನ ತಡ. ಅದೇ ಮೂಟೆಯನ್ನು 5:30ರ ನಂತರ ಮೂರೂ ಟೇಬಲ್‌ಗೆ ಹಂಚಿದರೆ ಅರ್ಧ ಗಂಟೆಯ ಕೆಲಸ. ಗೋಣಿ ಹೊಲಿದು 7 ಗಂಟೆಯೊಳಗೆ ಲಾರಿ ಆಫೀಸಿಗೆ ಮುಟ್ಟಿಸಬಹುದು. ನಾವು ಹಾಗೆಯೇ ಮಾಡಿದೆವು. ಐವತ್ತು ಸಾವಿರ ರೂಪಾಯಿ ಮೀರಿದ ಮಾಲಾದ್ದರಿಂದ ಇ-ವೇ ಬಿಲ್ ಬೇಕಿತ್ತು. ಮೂಟೆ ತಡವಾಗಿ ಕಟ್ಟಿದರೂ ಆ ಕಾಗದಪತ್ರವನ್ನು ಮಾತ್ರ ಮಧ್ಯಾಹ್ನವೇ ಸಿದ್ಧಪಡಿಸಿಕೊಳ್ಳಬೇಕು.

ಹೀಗೆ ನಮ್ಮ ಮೊದಲ ನಿಯಮ ಗಾಡಿಯದು: ಯಾವ ಗಾಡಿ ಮೊದಲು ಹೊರಡುತ್ತದೋ ಅದರ ಮಾಲು ಮೊದಲು. ಒಂದೇ ಗಾಡಿಯ ಮಾಲಿನಲ್ಲಿ ನಿನ್ನೆ ಉಳಿದದ್ದು ಎಲ್ಲಕ್ಕಿಂತ ಮುಂದೆ, ಆಮೇಲೆ ಬಂದ ಸರತಿ. ಫೋನ್ ಮಾಡಿ ಕೂಗಾಡಿದವರ ಆರ್ಡರ್ ಮುಂದೆ ಬರುವುದಿಲ್ಲ. ‘ಅರ್ಜೆಂಟ್’ ಚೀಟಿ ಅಂಟಿಸುವ ಪದ್ಧತಿಯನ್ನು ನಾನು ನಿಲ್ಲಿಸಿದೆ, ಏಕೆಂದರೆ ಸಂಜೆಯಾಗುವಷ್ಟರಲ್ಲಿ ಅರ್ಧಕ್ಕರ್ಧ ಪಾರ್ಸಲ್‌ಗಳ ಮೇಲೆ ಆ ಚೀಟಿ ಇರುತ್ತಿತ್ತು. ಈಗ ಪಟ್ಟಿಗಳನ್ನೇ ಬಣ್ಣದ ಹಾಳೆಯಲ್ಲಿ ಮುದ್ರಿಸುತ್ತೇವೆ, ಕೊರಿಯರ್‌ಗೆ ಹಳದಿ, ಲಾರಿಗೆ ಬಿಳಿ. ಮೊದಲು ಗಳಿಗೆಗೊಮ್ಮೆ “ಅಣ್ಣಾ, ಇದು ಆರು ಗಂಟಿ ಗಾಡಿದಾ, ಲಾರಿದಾ?” ಎಂದು ಕೇಳುತ್ತಿದ್ದ ಹುಡುಗರಿಗೆ ಈಗ ಕೇಳುವ ಅಗತ್ಯವೇ ಬೀಳುವುದಿಲ್ಲ. ಯಾವುದಾದರೂ ಸೈಜ್ ರ್‍ಯಾಕಿನಲ್ಲಿ ಸಿಗದಿದ್ದರೆ ಆ ಆರ್ಡರ್ ಟೇಬಲ್ ಮೇಲೆ ಕಾಯುತ್ತಾ ಕೂರಬಾರದು. ಅದಕ್ಕೊಂದು ಪ್ರತ್ಯೇಕ ಬುಟ್ಟಿ ಇದೆ. 4 ಗಂಟೆಗೆ ಒಬ್ಬರು ಆ ಬುಟ್ಟಿ ಹಿಡಿದು ಗೋದಾಮು ಹುಡುಕಿ, ಸಿಗದಿದ್ದರೆ ಗ್ರಾಹಕರಿಗೆ ಫೋನ್ ಮಾಡುತ್ತಾರೆ.

ಗುರಿಯನ್ನು ಅಳೆಯುವಾಗ ಏನನ್ನು ಎಣಿಸುತ್ತೇವೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಲೇಬಲ್ ಮುದ್ರಣವಾದದ್ದನ್ನು ‘ರವಾನೆಯಾಯಿತು’ ಎಂದು ಎಣಿಸುವ ಕಡೆ ಅಂಕಿ ಯಾವಾಗಲೂ ಚೆನ್ನಾಗಿಯೇ ಕಾಣುತ್ತದೆ, ಪಾರ್ಸಲ್ ಮಾತ್ರ ಮೂಲೆಯಲ್ಲೇ ಬಿದ್ದಿರುತ್ತದೆ. ನಾವು ಎಣಿಸುವುದು ಕೊರಿಯರ್ ಹುಡುಗನ ಸ್ಕ್ಯಾನನ್ನು. 2:30ರೊಳಗೆ ಬಂದ ಆರ್ಡರ್‌ಗಳಲ್ಲಿ ಅದೇ ಸಂಜೆ ಸ್ಕ್ಯಾನ್ ಆದವು ನೂರಕ್ಕೆ ಎಷ್ಟು ಎಂಬುದೇ ನಮ್ಮ ಅಂಕಿ, ಗುರಿ 97. ಗ್ರಾಹಕರೇ ರದ್ದು ಮಾಡಿದ್ದನ್ನು ಲೆಕ್ಕದಿಂದ ಬಿಡುತ್ತೇವೆ, ಮಾಲು ಸಿಗದೆ ನಿಂತದ್ದನ್ನು ಬಿಡುವುದಿಲ್ಲ, ಏಕೆಂದರೆ ಸ್ಟಾಕ್ ತಪ್ಪಾಗಿ ತೋರಿಸಿದ್ದು ನಮ್ಮ ಕಡೆಯ ದೋಷ. ಗಡುವಿನ ನಂತರ ಬಂದು, ಟೇಬಲ್ ಖಾಲಿಯಿದ್ದ ಕಾರಣ ಅದೇ ದಿನ ಹೋದ ಪಾರ್ಸಲ್‌ಗಳನ್ನು ಬೇರೆ ಕಲಮಿನಲ್ಲಿ ಬರೆಯುತ್ತೇವೆ. ಅವನ್ನು ಇದರಲ್ಲಿ ಸೇರಿಸಿದರೆ ಐದು ಪ್ಯಾಂಟಿನ ಕಷ್ಟದ ಆರ್ಡರನ್ನು ಪಕ್ಕಕ್ಕಿಟ್ಟು, ಈಗ ತಾನೇ ಬಂದ ಒಂದು ಪ್ಯಾಂಟಿನ ಆರ್ಡರ್ ಕಟ್ಟಿ ಅಂಕಿ ತುಂಬಿಸುವ ಅಭ್ಯಾಸ ಬೆಳೆಯುತ್ತದೆ.

ಇದರ ಜೊತೆಗೆ ಇನ್ನೊಂದು ಕಟ್ಟುನಿಟ್ಟು ಇದೆ: ಯಾವ ಆರ್ಡರೂ ಎರಡನೆಯ ಸಂಜೆಯ ಗಾಡಿ ತಪ್ಪಿಸಿಕೊಳ್ಳುವಂತಿಲ್ಲ. ಒಮ್ಮೆ 240 ಆರ್ಡರ್‌ಗಳಲ್ಲಿ 228 ಹೋಗಿ ಅಂಕಿ 95ಕ್ಕೆ ಇಳಿದಾಗ, ಉಳಿದ ಹನ್ನೆರಡರಲ್ಲಿ ಏಳು 34ರ ಸೈಜಿನ ಒಂದೇ ಮಾಡೆಲ್‌ನವು ಎಂಬುದು ಬುಟ್ಟಿ ನೋಡಿದಾಗ ಗೊತ್ತಾಯಿತು. ವಾಷಿಂಗ್‌ನಿಂದ ಮಾಲು ಬರುವ ಮೊದಲೇ ಅದನ್ನು ಸ್ಟಾಕಿನಲ್ಲಿ ಏರಿಸಲಾಗಿತ್ತು. ಟೇಬಲ್‌ನವರನ್ನು ಅವಸರಪಡಿಸಿದ್ದರೆ ಆ ಏಳರಲ್ಲಿ ಒಂದೂ ಹೋಗುತ್ತಿರಲಿಲ್ಲ. ಅಂದಿನಿಂದ ಪ್ಯಾಂಟು ರ್‍ಯಾಕಿಗೆ ಬಂದು ಎಣಿಕೆಯಾದ ಮೇಲಷ್ಟೇ ಸ್ಟಾಕಿಗೆ ಏರಿಸುತ್ತಾರೆ. ಸಂಜೆ ಗಾಡಿ ಹೊರಟ ಮೇಲೆ ನಾನು ಮೊದಲು ನೋಡುವುದು ಆ ಬುಟ್ಟಿಯನ್ನೇ.