ಮೂಲ ಗ್ಯಾರಂಟಿ ಕಾಗದ ಕಳೆದುಹೋದರೆ ಠೇವಣಿ ಬಿಡಿಸುವುದು ಹೇಗೆ?

ಪುಣೆಯ ಭೋಸರಿಯಲ್ಲಿ ಫ್ಯಾಬ್ರಿಕೇಶನ್ ಶೆಡ್ ಇಟ್ಟುಕೊಂಡಿರುವ ವಿಜಯಪುರದ ಕಡೆಯ ಗಿರಾಕಿಯೊಬ್ಬರ ಲೆಕ್ಕಪತ್ರ ನಾನು ನೋಡುತ್ತೇನೆ. 2023ರ ಮಾರ್ಚ್‌ನಲ್ಲಿ ಅವರಿಗೊಂದು ಸರ್ಕಾರಿ ಕಚೇರಿಯ ಕೆಲಸ ಸಿಕ್ಕಿತು. ಅದಕ್ಕೆ 12 ಲಕ್ಷದ ಪರ್ಫಾರ್ಮೆನ್ಸ್ ಗ್ಯಾರಂಟಿ ಬೇಕಿತ್ತು, ಅಂದರೆ ಕೆಲಸ ಸರಿಯಾಗಿ ಆಗದಿದ್ದರೆ ಆ ಕಚೇರಿಗೆ ಹಣ ಕೊಡುತ್ತೇವೆ ಎಂಬ ಬ್ಯಾಂಕಿನ ಕಾಗದ. ಬ್ಯಾಂಕು ಶೇ. 25 ಮಾರ್ಜಿನ್ ಕೇಳಿತು, ಅಂದರೆ 3 ಲಕ್ಷದ ಎಫ್‌ಡಿ. ಆ ಠೇವಣಿಯನ್ನು ಬ್ಯಾಂಕು ತಡೆಹಿಡಿದುಕೊಳ್ಳುವ ಲಿಯನ್ ಪತ್ರ ಕೈಗೆ ಬಂದ ಕೂಡಲೇ ಫೋನ್ ಮಾಡಿದರು. “ಸರ್, ಸಹಿ ಮಾಡ್ಲೇನ್ರಿ? ಹೊಲದ ಉತಾರದ ಮ್ಯಾಲೆ ಬೋಜಾ ಕೂರಿಸ್ತಾರಲ್ರಿ, ಹಂಗೇ ಅಲ್ಲೇನ್ರಿ ಇದು?” ಹಾಗೇ, ಆದರೆ ಬೋಜಾ ಯಾವಾಗ ಇಳಿಯುತ್ತದೆ ಅಂತ ಪತ್ರದಲ್ಲಿ ಏನು ಬರೆದಿದ್ದಾರೆ ನೋಡೋಣ, ಮೊದಲು ಕಳಿಸಿ ಅಂದೆ.

ಪತ್ರ ಒಂದೂವರೆ ಪುಟ. ಅದರಲ್ಲಿ ನನಗೆ ಚುಚ್ಚಿದ್ದು ಎರಡೇ ಸಾಲು.

ಮೊದಲನೆಯದು: ಈ ಗ್ಯಾರಂಟಿಯೂ ಸೇರಿದಂತೆ ಬ್ಯಾಂಕಿಗೆ ಬರಬೇಕಾದ ಈಗಿನ ಮತ್ತು ಮುಂದಿನ ಎಲ್ಲ ಬಾಕಿಗೂ ಠೇವಣಿ ಭದ್ರತೆ. ಅದೇ ಬ್ಯಾಂಕಿನಲ್ಲಿ ಅವರ ಟೆಂಪೋ ಸಾಲ ನಡೆದಿತ್ತು. ಗ್ಯಾರಂಟಿ ಮುಗಿದ ಹೊತ್ತಿಗೆ ಟೆಂಪೋದ ಒಂದು ಕಂತು ತಪ್ಪಿದರೂ ಈ 3 ಲಕ್ಷ ಕೈಗೆ ಬರುವುದಿಲ್ಲ. ಆ ಮಾತನ್ನು ಬರೀ ಹೊಡೆದುಹಾಕಿದರೆ ಸಾಲದು. ಕರಾರು ಕಾಯ್ದೆಯ 171ನೇ ಕಲಂ ಪ್ರಕಾರ, ವಿರುದ್ಧವಾದ ಒಪ್ಪಂದ ಇಲ್ಲದಿದ್ದರೆ ಬ್ಯಾಂಕರಿಗೆ ಖಾತೆಯ ಒಟ್ಟಾರೆ ಬಾಕಿಗೂ ಲಿಯನ್ ಹಕ್ಕು ಇರುತ್ತದೆ. ಪತ್ರ ಸುಮ್ಮನಿದ್ದರೆ ಅದೇ ಮುಂದೆ ಬಂದು ನಿಲ್ಲುತ್ತದೆ. ಹಾಗಾಗಿ ಗ್ಯಾರಂಟಿಯ ನಂಬರು ಹಾಕಿ, ‘ಈ ಗ್ಯಾರಂಟಿಯ ಹೊಣೆಗೆ ಮಾತ್ರ, ಬೇರೆ ಯಾವ ಬಾಕಿಗೂ ಅಲ್ಲ’ ಎಂದು ಬರೆಸಿದೆ. ಶಾಖೆಯವರು ಮೇಲಿನ ಕಚೇರಿಗೆ ಕಳಿಸಿ ಎಂಟು ದಿನ ಕಾಯಿಸಿದರು, ಆಮೇಲೆ ಒಪ್ಪಿದರು.

ಎರಡನೆಯದು ಬಿಡುಗಡೆಯ ಷರತ್ತು. ‘ಮೂಲ ಗ್ಯಾರಂಟಿ ವಾಪಸ್ ಬಂದ ಮೇಲಷ್ಟೇ ಲಿಯನ್ ತೆಗೆಯಲಾಗುವುದು’ ಎಂದಿತ್ತು. ಆ ಕಾಗದ ಇರುವುದು ಕೆಲಸ ಕೊಟ್ಟ ಕಚೇರಿಯ ಫೈಲಿನಲ್ಲಿ. ನಮ್ಮ ಹಣ ಬಿಡಿಸುವ ಕೀಲಿ ನಮಗೂ ಬ್ಯಾಂಕಿಗೂ ಸಂಬಂಧವಿಲ್ಲದ ಗುಮಾಸ್ತರ ಕಪಾಟಿನಲ್ಲಿ!

ಇಲ್ಲಿ ತಾರೀಖುಗಳನ್ನು ಒಂದರ ಪಕ್ಕ ಒಂದು ಬರೆದುಕೊಂಡು ನೋಡಬೇಕು. ಗ್ಯಾರಂಟಿ ಮುಗಿಯುವುದು 31 ಮಾರ್ಚ್ 2024ಕ್ಕೆ. ಆ ಕಚೇರಿ ಬ್ಯಾಂಕಿಗೆ ಹಣ ಕೇಳಬಹುದಾದ ಕ್ಲೇಮ್ ಅವಧಿ 31 ಮಾರ್ಚ್ 2025ರವರೆಗೆ. ಗ್ಯಾರಂಟಿಯ ಕೆಳಗಿನ ಹಕ್ಕು ಇಂಥ ದಿನಕ್ಕೆ ಮುಗಿಯುತ್ತದೆ ಎಂದು ಬ್ಯಾಂಕು ಬರೆಯಬಹುದು; ಆದರೆ ಅದೇ ಕರಾರು ಕಾಯ್ದೆಯ 28ನೇ ಕಲಮಿನ ವಿನಾಯಿತಿಯಂತೆ ಆ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಇರಕೂಡದು. ಅದಕ್ಕೇ ಬಹಳ ಬ್ಯಾಂಕುಗಳು ಒಂದು ವರ್ಷದ ಕ್ಲೇಮ್ ಅವಧಿ ಸೇರಿಸುತ್ತವೆ. ಅಂದರೆ ಕೆಲಸ ವರ್ಷದಲ್ಲೇ ಮುಗಿದರೂ ಮಾರ್ಜಿನ್ ಎರಡು ವರ್ಷ ಕಟ್ಟಿಹಾಕಿಕೊಳ್ಳುತ್ತದೆ. ಗಿರಾಕಿಗೆ ಇದನ್ನು ಹೇಳಿದಾಗ “ಹಂಗಾರ ಬಡ್ಡಿನಾದ್ರೂ ಕೊಡ್ಸ್ರಿ” ಅಂದರು. ಬಡ್ಡಿ ಪ್ರತಿ ಮೂರು ತಿಂಗಳಿಗೆ ಕರೆಂಟ್ ಖಾತೆಗೆ ಬರಲಿ, ಲಿಯನ್ ಅಸಲು 3 ಲಕ್ಷಕ್ಕಷ್ಟೇ ಇರಲಿ ಎಂದು ಬರೆಸಿದೆ.

ಬಿಡುಗಡೆಗೆ ಮೂರು ದಾರಿ ಇಡಿಸಿದೆ, ಯಾವುದು ಮೊದಲು ಆಗುತ್ತದೋ ಅದು. ಮೂಲ ಕಾಗದ ವಾಪಸ್ ಬಂದರೆ. ಇಲ್ಲವೇ ಇನ್ನು ಹೊಣೆ ಇಲ್ಲವೆಂದು ಆ ಕಚೇರಿ ಬ್ಯಾಂಕಿಗೆ ಪತ್ರ ಕೊಟ್ಟರೆ. ಇಲ್ಲವೇ ಕ್ಲೇಮ್ ಅವಧಿ ಮುಗಿಯುವವರೆಗೆ ಗ್ಯಾರಂಟಿ ಕೊಟ್ಟ ಶಾಖೆಗೆ ಲಿಖಿತ ಕ್ಲೇಮ್ ಬರದೇ ಇದ್ದು, ಕಾಗದ ಸಿಗದಿದ್ದಕ್ಕೆ ನಾವು ನಷ್ಟಭರ್ತಿ ಪತ್ರ ಕೊಟ್ಟರೆ. ಏಳು ಕೆಲಸದ ದಿನಗಳೊಳಗೆ ಲಿಯನ್ ತೆಗೆಯಬೇಕು ಎಂಬ ಮಾತನ್ನು ಬ್ಯಾಂಕು ಒಪ್ಪಲಿಲ್ಲ. ನಾನೂ ಹಟ ಮಾಡಲಿಲ್ಲ. ಅದನ್ನು ಬಿಟ್ಟಿದ್ದು ತಪ್ಪು ಅಂತ ಈಗ ಅನಿಸುತ್ತದೆ.

ಕೆಲಸ ಸಮಯಕ್ಕೆ ಮುಗಿಯಿತು, ಬಿಲ್ಲೂ ಬಂತು. 2024ರ ಏಪ್ರಿಲ್‌ನಲ್ಲಿ ಮೂಲ ಕಾಗದ ಕೇಳಿದರೆ ಆ ಕಚೇರಿಯವರು ಫೈಲ್ ಸಿಗುತ್ತಿಲ್ಲ ಅಂದರು. ಹೊಣೆ ಇಲ್ಲ ಎಂಬ ಪತ್ರಕ್ಕೂ ಅವರಿಗೆ ಆ ಫೈಲೇ ಬೇಕಂತೆ! ಹಳೆಯ ಷರತ್ತು ಉಳಿದಿದ್ದರೆ ಇವರು ಇವತ್ತಿಗೂ ಅಲ್ಲಿಗೆ ಓಡಾಡುತ್ತಿರುತ್ತಿದ್ದರು. ಒಂದು ವರ್ಷ ಕಾದು, 2025ರ ಏಪ್ರಿಲ್ ಮೊದಲ ವಾರ ಅರ್ಜಿ, ಲಿಯನ್ ಪತ್ರದ ನಕಲು, ಸ್ಟಾಂಪ್ ಪೇಪರಿನ ಮೇಲೆ ನಷ್ಟಭರ್ತಿ ಪತ್ರ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡೆವು.

ಹತ್ತೊಂಬತ್ತು ದಿನಕ್ಕೆ ಬಿಡುಗಡೆ ಪತ್ರ ಬಂತು. ನೆಟ್‌ಬ್ಯಾಂಕಿಂಗ್ ತೆರೆದರೆ ಮಾತ್ರ ಲಿಯನ್ ಕಾಲಮಿನಲ್ಲಿ 3,00,000 ಹಾಗೇ ಕೂತಿತ್ತು. ಕಾರಣ ಸಣ್ಣದು: ಒಂದು ವರ್ಷದ ಎಫ್‌ಡಿ ನವೀಕರಣವಾದಾಗ ಹೊಸ ನಂಬರು ಬಿದ್ದು ಲಿಯನ್ ಅದರ ಮೇಲೆ ಬಂದಿತ್ತು, ಬಿಡುಗಡೆ ಪತ್ರದಲ್ಲಿ ಹಳೇ ನಂಬರಿತ್ತು. ಹೊಸ ರಸೀದಿ ತೋರಿಸಿ ಪತ್ರ ತಿದ್ದಿಸಿದೆ, ಮಾರನೇ ದಿನ ಆ ಕಾಲಮಿನಲ್ಲಿ ಸೊನ್ನೆ ಬಂತು. ಈಗ ನಾನು ಲಿಯನ್ ಪತ್ರದಲ್ಲಿ ಎಫ್‌ಡಿ ನಂಬರಿನ ಮುಂದೆ ‘ಮತ್ತು ಇದರ ನವೀಕರಣಗಳು’ ಎಂದು ಇದ್ದರೆ, ಬಿಡುಗಡೆಯ ಸಾಲಿನಲ್ಲೂ ಅದೇ ಮಾತು ಹಾಕಿಸುತ್ತೇನೆ.