ನಡಾವಳಿಯಲ್ಲಿ ದೇಣಿಗೆ ಬರೆಯುವ ಬಗೆ

‘ಕಳೆದ ಸಭೆಯ ನಂತರ ಬಂದ ದೇಣಿಗೆ 1,86,500 ರೂಪಾಯಿ. ಸಭೆ ಒಪ್ಪಿತು.’ ಧಾರ್ಮಿಕ ಟ್ರಸ್ಟ್‌ಗಳ ನಡಾವಳಿ ಪುಸ್ತಕಗಳಲ್ಲಿ ಇಂತಹ ಸಾಲನ್ನು ಎಷ್ಟೋ ಸಲ ಓದಿದ್ದೇನೆ. ವರ್ಷ ಕಳೆದ ಮೇಲೆ ಲೆಕ್ಕಪರಿಶೋಧಕರು ‘ಇದರಲ್ಲಿ ಮೂಲನಿಧಿಗೆ ಎಷ್ಟು?’ ಎಂದು ಕೇಳಿದರೆ ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಆರಂಭದ ಭಾಗ ಸುಲಭ. ದಿನಾಂಕ, ಸ್ಥಳ, ಹಾಜರಿದ್ದವರು, ಕೋರಂ, ಹಿಂದಿನ ನಡಾವಳಿಯ ಸ್ಥಿರೀಕರಣ, ಇಷ್ಟು ಬರೆದರೆ ಸಾಕು. ಪುಟಸಂಖ್ಯೆ ಅಚ್ಚಾದ, ಹೊಲಿದ ಪುಸ್ತಕವನ್ನೇ ಬಳಸಿ. ಹಾಳೆ ಕಳಚಿ ಸೇರಿಸಬಹುದಾದ ಫೈಲು ಬೇಡವೇ ಬೇಡ. ಖಾಲಿ ಜಾಗ ತುಂಬುವ ಸಿದ್ಧ ನಮೂನೆಗಳೂ ಬೇಡ: ಅವುಗಳಲ್ಲಿ ದೇಣಿಗೆಗೆ ಇರುವುದು ಒಂದೇ ಸಾಲು, ತೊಂದರೆ ಹುಟ್ಟುವುದೇ ಅಲ್ಲಿ.

ದೇಣಿಗೆಯನ್ನು ಮೂರು ಕಡೆಯಿಂದ ನೋಡಿ ಬರೆಯಬೇಕು. ಮೊದಲನೆಯದು ರಸೀದಿ. ‘ರಸೀದಿ ಸಂಖ್ಯೆ 412ರಿಂದ 437, ಒಟ್ಟು 26. ಸಂಖ್ಯೆ 419 ರದ್ದಾಗಿದ್ದು, ಅದರ ಎರಡೂ ಪ್ರತಿಗಳು ಪುಸ್ತಕದಲ್ಲೇ ಇವೆ’ ಎಂದು ನಮೂದಿಸಿ. ರದ್ದಾದ ರಸೀದಿಯ ದಾನಿಯ ಪ್ರತಿ ಕಾಣದಿದ್ದರೆ ಅದನ್ನೂ ಬರೆಯಿರಿ. ಮುಂದಿನ ಸಭೆಯ ಪಟ್ಟಿ 438ರಿಂದಲೇ ಶುರುವಾಗಬೇಕು. ನಡುವೆ ಒಂದು ಸಂಖ್ಯೆ ತಪ್ಪಿದರೂ ಹಣ ಎಲ್ಲೋ ನಿಂತಿರಬಹುದು ಎಂದು ಇದರಿಂದಲೇ ತಿಳಿಯುತ್ತದೆ.

ಎರಡನೆಯದು ಹಣ ಬಂದ ದಾರಿ. ನಗದು 36,500, ಆನ್‌ಲೈನ್ 50,000, ಚೆಕ್ 1,00,000. ನಗದನ್ನು ಬ್ಯಾಂಕಿಗೆ ಕಟ್ಟಿದ ದಿನಾಂಕ ಜೊತೆಗಿರಲಿ. ಸಭೆಯ ದಿನ ಚೆಕ್ ಇನ್ನೂ ಖಾತೆಗೆ ಜಮೆಯಾಗಿರದಿದ್ದರೆ ‘ಜಮೆ ಬಾಕಿ’ ಎಂದು ಸೇರಿಸಿ. ಇಲ್ಲದಿದ್ದರೆ ಬ್ಯಾಂಕ್ ಪುಸ್ತಕಕ್ಕೂ ನಡಾವಳಿಗೂ ಒಂದು ಲಕ್ಷದ ಅಂತರ ಉಳಿದು, ಅದರ ಕಾರಣ ಯಾರ ನೆನಪಿನಲ್ಲೂ ಇರುವುದಿಲ್ಲ.

ಮೂರನೆಯದು ಉದ್ದೇಶ. ಬಹಳ ಜನ ಎಡವುವುದು ಇಲ್ಲೇ. ಅದೇ 1,86,500ರಲ್ಲಿ ಮೂಲನಿಧಿಗೆ 1,00,000, ಚಾವಣಿ ದುರಸ್ತಿಗೆ 40,000, ಸಾಮಾನ್ಯ ದೇಣಿಗೆ 46,500 ಎಂದುಕೊಳ್ಳಿ. ದೇಣಿಗೆಯನ್ನು ಮೂಲನಿಧಿಯಾಗಿ ಮಾಡುವುದು ದಾನಿಯ ಸೂಚನೆ, ಸಮಿತಿಯ ಠರಾವು ಅಲ್ಲ. ನಮ್ಮ ಆದಾಯ ತೆರಿಗೆ ನಿಯಮವೂ ಕೇಳುವುದು ದಾನಿಯ ನಿರ್ದಿಷ್ಟ ಸೂಚನೆಯನ್ನೇ. ಆದ್ದರಿಂದ ‘ದಾನಿಯ ಪತ್ರ ಸಭೆಯಲ್ಲಿ ಓದಲಾಯಿತು, ಕಡತದಲ್ಲಿ ಇಡಲಾಯಿತು’ ಎಂದು ಪತ್ರದ ದಿನಾಂಕದೊಂದಿಗೆ ಬರೆಯಿರಿ. ಸಾಮಾನ್ಯ ದೇಣಿಗೆಯಾಗಿ ಬಂದ ಹಣವನ್ನು ವರ್ಷದ ಕೊನೆಯಲ್ಲಿ ‘ಮೂಲನಿಧಿಗೆ ವರ್ಗಾಯಿಸಲು ತೀರ್ಮಾನಿಸಲಾಯಿತು’ ಎಂದು ಬರೆದರೆ ಅದು ಮೂಲನಿಧಿಯ ದೇಣಿಗೆಯಾಗುವುದಿಲ್ಲ. ಈ ಅಡ್ಡದಾರಿಯನ್ನು ಯಾರು ಹೇಳಿಕೊಟ್ಟರೂ ಹಿಡಿಯಬೇಡಿ. ದಾರಿಯ ಮೊತ್ತ, ಉದ್ದೇಶದ ಮೊತ್ತ, ರಸೀದಿಗಳ ಮೊತ್ತ ಮೂರೂ ಒಂದೇ ಆದ ಮೇಲೆ ಮಾತ್ರ ಮುಂದಿನ ವಿಷಯಕ್ಕೆ ಹೋಗಿ.

ಉದ್ದೇಶ ಸರಿಯಾಗಿ ಬರೆದಿದ್ದರೆ ಖರ್ಚಿನ ಠರಾವು ಕಷ್ಟವಲ್ಲ. ಚಾವಣಿಗೆ ಬೇಕಾದದ್ದು 72,000. ‘ಬಂದ ಮೂರು ದರಪಟ್ಟಿಗಳಲ್ಲಿ ಕಡಿಮೆಯದಾದ 72,000 ರೂಪಾಯಿಯದನ್ನು ಒಪ್ಪಲಾಯಿತು. ದುರಸ್ತಿ ದೇಣಿಗೆಯಿಂದ 40,000, ಸಾಮಾನ್ಯ ನಿಧಿಯಿಂದ 32,000 ಮೀರದಂತೆ ಖರ್ಚು ಮಾಡುವುದು’ ಎಂದು ಬರೆದು, ಸೂಚಕರು ಮತ್ತು ಅನುಮೋದಕರ ಹೆಸರು ಹಾಕಿ. ಗುತ್ತಿಗೆದಾರರು ಸದಸ್ಯರೊಬ್ಬರ ನೆಂಟರಾಗಿದ್ದರೆ ಆ ಸದಸ್ಯರು ಅದನ್ನು ತಿಳಿಸಿ ಚರ್ಚೆಯಿಂದ ಹೊರಗುಳಿದರು ಎಂಬುದೂ ಪುಸ್ತಕದಲ್ಲಿರಲಿ. ಖರ್ಚು ಆಗಲೇ ಆಗಿಹೋಗಿದ್ದರೆ ‘ಘಟನೋತ್ತರ ಮಂಜೂರಾತಿ’ ಎಂದೇ ಬರೆಯಿರಿ. ಹಳೆಯ ದಿನಾಂಕ ಹಾಕಿ ಮುಂಚೆಯೇ ಒಪ್ಪಿದಂತೆ ತೋರಿಸುವುದು ಸುಳ್ಳು ದಾಖಲೆ.

ವಾರ್ಷಿಕ ಲೆಕ್ಕಪತ್ರದ ವಿಷಯದಲ್ಲಿ ‘ಮಂಡಿಸಲಾಯಿತು’ ಮತ್ತು ‘ಅಂಗೀಕರಿಸಲಾಯಿತು’ ಎಂಬ ಮಾತುಗಳು ಬೇರೆ ಬೇರೆ ಎಂಬುದನ್ನು ಮರೆಯಬೇಡಿ. ಕೋಶಾಧಿಕಾರಿ ಮಂಡಿಸುತ್ತಾರೆ, ಸಭೆ ಅಂಗೀಕರಿಸುತ್ತದೆ, ಎರಡೂ ಬೇಕು. ಯಾವ ವರ್ಷದ ಲೆಕ್ಕ, ವರದಿಗೆ ಲೆಕ್ಕಪರಿಶೋಧಕರು ಸಹಿ ಮಾಡಿದ ದಿನ, ಒಟ್ಟು ಆದಾಯ, ಒಟ್ಟು ಖರ್ಚು, ಮಾರ್ಚ್ 31ರ ಮೂಲನಿಧಿ ಶಿಲ್ಕು ಇವಿಷ್ಟನ್ನು ನಮೂದಿಸಿ. ವರದಿಯ ದಿನಾಂಕ ಸಭೆಯ ದಿನಾಂಕಕ್ಕಿಂತ ಮುಂದಿನದಾಗಿದ್ದರೆ ಅಂದು ಮಂಡನೆಯಾದದ್ದು ಪರಿಶೋಧನೆಯಾಗದ ಕರಡು ಲೆಕ್ಕ. ಆ ಅಂಗೀಕಾರ ನಿಲ್ಲುವುದಿಲ್ಲ, ಇನ್ನೊಂದು ಸಭೆ ಕರೆಯಬೇಕು. ‘ಎರಡು ವೋಚರ್‌ಗಳಿಗೆ ಬಿಲ್ ಇಲ್ಲ’ ಎಂಬಂತಹ ಆಕ್ಷೇಪವಿದ್ದರೆ ಅದನ್ನು ಹಾಗೆಯೇ ಎತ್ತಿ ಬರೆದು, ಯಾರು ಯಾವ ದಿನಾಂಕದೊಳಗೆ ಸರಿಪಡಿಸುತ್ತಾರೆ ಎಂಬುದನ್ನು ಕೆಳಗೆ ಸೇರಿಸಿ.

ಬರೆಯುವಾಗ ತಪ್ಪಾದರೆ ಬಿಳಿ ಬಣ್ಣ ಬಳಿಯಬೇಡಿ. ಹಳೆಯದು ಓದಲು ಬರುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದದ್ದನ್ನು ಬರೆದು, ಪಕ್ಕದಲ್ಲಿ ಅಧ್ಯಕ್ಷರ ಚಿಕ್ಕ ಸಹಿ ಪಡೆಯಿರಿ. ಕೊನೆಯ ಸಾಲಿನ ಕೆಳಗೆ ಉಳಿದ ಜಾಗಕ್ಕೆ ಅಡ್ಡಗೆರೆ ಹಾಕಿದ ಮೇಲೆಯೇ ಪೂರ್ಣ ಸಹಿಗೆ ಪುಸ್ತಕವನ್ನು ಅವರ ಮುಂದೆ ಇಡಿ.