ಗೀಟು ಎಳೆದ ಬೆಲೆಯನ್ನು ಹೆಬ್ಬೆರಳಲ್ಲಿ ಮುಚ್ಚಿ ನೋಡಿ

ಹಬ್ಬದ ಆಫರ್‌ನಲ್ಲಿ ಮಿಕ್ಸಿ ಕೊಳ್ಳೋರು ಇದನ್ನು ಓದಿ. ಹೋದ ತಿಂಗಳು ಆನ್‌ಲೈನ್‌ನಲ್ಲಿ ಒಂದು ಮಿಕ್ಸಿ ನೋಡಿದೆ. 6,500 ರೂಪಾಯಿಗೆ ಗೀಟು, ಪಕ್ಕದಲ್ಲಿ ದಪ್ಪಕ್ಷರದಲ್ಲಿ 3,250. ಅರ್ಧಕ್ಕರ್ಧ ಉಳಿತಾಯ ಅಲ್ವಾ? ಇನ್ನೇನು ಕೊಳ್ಳಬೇಕು, ಸುಮ್ನೆ ಒಮ್ಮೆ ನಮ್ಮ ಬೀದಿಯ ಅಂಗಡಿಯಲ್ಲಿ ಅದೇ ಮಾಡೆಲ್ ಕೇಳಿದೆ. 3,200 ಅಂದರು. ಅಲ್ಲಿ ಗೀಟೂ ಇಲ್ಲ, ಆಫರೂ ಇಲ್ಲ.

ಮಿಕ್ಸಿಗೆ ಎಷ್ಟು ಕೊಡಬಹುದು ಅಂತ ನಮಗೆ ನಿಖರವಾಗಿ ಗೊತ್ತಿರುವುದಿಲ್ಲ. ಹಾಗಾಗಿ ಮೊದಲು ಕಂಡ ಅಂಕಿಯನ್ನೇ ಗೂಟ ಮಾಡಿಕೊಂಡು ಅಲ್ಲಿಂದ ಅಳೆಯುತ್ತೇವೆ. 3,250 ಜಾಸ್ತಿಯೋ ಕಡಿಮೆಯೋ ಅಂತ ಯೋಚಿಸೋದು ಬಿಟ್ಟು, 6,500ಕ್ಕಿಂತ ಎಷ್ಟು ಕೆಳಗಿದೆ ಅಂತ ನೋಡುತ್ತೇವೆ. ಮನಃಶಾಸ್ತ್ರಜ್ಞರಾದ ಟ್ವೆರ್ಸ್ಕಿ ಮತ್ತು ಕಾಹ್ನೆಮನ್ 1974ರಲ್ಲಿ ಬರೆದ ಪ್ರಯೋಗದಲ್ಲಂತೂ, ಸುಮ್ನೆ ಚಕ್ರ ತಿರುಗಿಸಿ ಬಂದ ಅಂಕಿ ಕೂಡ ಜನರ ಅಂದಾಜನ್ನು ತನ್ನ ಕಡೆ ಎಳೆದಿತ್ತು.

ಗೀಟು ಎಳೆದಿರೋದು ಸಾಮಾನ್ಯವಾಗಿ ಎಂಆರ್‌ಪಿಗೆ. ಎಂಆರ್‌ಪಿ ಅಂದರೆ ಅದಕ್ಕಿಂತ ಜಾಸ್ತಿಗೆ ಮಾರಬಾರದು ಅಂತ ಅಷ್ಟೇ. ಯಾರಾದರೂ ಆ ಬೆಲೆ ಕೊಟ್ಟು ಕೊಂಡಿದ್ದಾರೆ ಅಂತಲ್ಲ.

ಈಗ ನಾನು ಪುಟ ತೆರೆಯುವ ಮುಂಚೆಯೇ ನನ್ನ ಬೆಲೆ ಚೀಟಿಯಲ್ಲಿ ಬರೆದಿಡುತ್ತೇನೆ. ಆಮೇಲೆ ಗೀಟಿನ ಬೆಲೆಯನ್ನು ಹೆಬ್ಬೆರಳಲ್ಲಿ ಮುಚ್ಚಿ, ಉಳಿದ ಬೆಲೆಯನ್ನು ಎರಡು ಕಡೆ ಹೋಲಿಸುತ್ತೇನೆ. ಹಾಲು, ಟೊಮೆಟೊಗೆ ಇದೆಲ್ಲ ಬೇಡ. ಅವುಗಳ ಬೆಲೆ ನಮಗೆ ಬಾಯಿಪಾಠ.